ಹಳ್ಳದಾಚೆಯ ಪಂಪು

ಹಳ್ಳದ ಈಚೆ ಒಂದು ಪುರಸಭೆ, ಆಚೆ ಒಂದು ಪುರಸಭೆ. ನಡುವೆ ಸೇತುವೆ. ದಿಬ್ಬದ ಮೇಲಿದ್ದ ಊರಿನ ಮುಖ್ಯಾಧಿಕಾರಿಯನ್ನು ಜನ ‘ಮೇಲಿನವರು’ ಎಂದೂ, ತಗ್ಗಿನಲ್ಲಿದ್ದ ಊರಿನ ಮುಖ್ಯಾಧಿಕಾರಿಯನ್ನು ‘ಕೆಳಗಿನವರು’ ಎಂದೂ ಕರೆಯುತ್ತಿದ್ದರು. ಮೇಲಿನವರ ಒಬ್ಬಳೇ ತಂಗಿಯನ್ನು ಕೆಳಗಿನವರಿಗೆ ಕೊಟ್ಟಿತ್ತು. ಹೀಗಾಗಿ ಇಬ್ಬರೂ ಒಬ್ಬರನ್ನೊಬ್ಬರು ‘ಭಾವ’ ಎನ್ನುತ್ತಿದ್ದರು. ಕಚೇರಿಯ ದೂರವಾಣಿಯಲ್ಲಿಯೂ ಅದೇ ಸಂಬೋಧನೆ.

ಎರಡು ಪುರಸಭೆಗಳಿಗೂ ತಲಾ ಒಂದೊಂದು ಡೀಸೆಲ್ ಪಂಪಿತ್ತು. ಮಳೆ ಬಂದರೆ ಮೊದಲು ನೀರು ನುಗ್ಗುವುದು ಮೇಲಿನ ಊರಿನ ಆಸ್ಪತ್ರೆಯ ನೆಲಮಾಳಿಗೆಗೆ. ಕೆಳಗಿನವರು ತಮ್ಮ ಪಂಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಸೇತುವೆ ದಾಟಿಸಿ ಕಳುಹಿಸುತ್ತಿದ್ದರು. ಕೆಲವು ತಾಸುಗಳ ತರುವಾಯ ಹಳ್ಳ ತುಂಬುವುದು. ಆಗ ಕೆಳಗಿನ ಊರಿನ ತಗ್ಗಿನ ಬೀದಿಯ ಮೋರಿ ಹಳ್ಳಕ್ಕೆ ನೀರನ್ನು ಬಿಡಲಾರದೆ ಬೀದಿಗೇ ಮರಳಿ ಉಕ್ಕಿಸುವುದು. ಅಷ್ಟರಲ್ಲಿ ಆಸ್ಪತ್ರೆ ಒಣಗಿರುತ್ತಿತ್ತು, ಎರಡು ಪಂಪುಗಳೂ ಕೆಳಗಿಳಿಯುತ್ತಿದ್ದವು. ದಂಡೆಯ ಮೇಲಿಂದ ನೀರನ್ನು ಎತ್ತಿ ಹಳ್ಳಕ್ಕೆ ಎಸೆಯದಿದ್ದರೆ ಆ ಬೀದಿ ಉಳಿಯುವಂತಿರಲಿಲ್ಲ. ಅದೇ ಬೀದಿಯಲ್ಲಿ ತಂಗಿಯ ಮನೆಯಿತ್ತು.

“ಏನ್ ಭಾವ, ನಿಮ್ಮ ಪಂಪು ನಮ್ಮೂರಲ್ಲೇ ಜಾಸ್ತಿ ಇರತ್ತೆ. ಇನ್ನೊಂದ್ ವರ್ಷ ಬಿಟ್ರೆ ಇಲ್ಲೇ ರೇಷನ್ ಕಾರ್ಡ್ ಕೇಳತ್ತೆ,” ಎಂದು ಕೆಳಗಿನವರು ನಗುತ್ತಿದ್ದರು.

“ಹುಡುಗಿ ಕೊಟ್ಟ ಮನೆಗೆ ಪಂಪೂ ಕೊಟ್ವಿ ಅಂದ್ಕೊಳಿ. ವಾಪಸ್ ಕಳ್ಸೋವಾಗ ಡೀಸೆಲ್ ತುಂಬ್ಸಿ ಕಳ್ಸಿ, ಅಷ್ಟೇ,” ಎಂಬುದು ಮೇಲಿನವರ ಉತ್ತರ.

ಇಂಥ ದಿನಗಳಲ್ಲಿ ಪುರಸಭೆಗಳ ವಿಲೀನವನ್ನು ಪರಿಶೀಲಿಸುವ ಸಮಿತಿ ಬಂದಿತು. ಅದರ ಅಧ್ಯಕ್ಷೆ ಅರ್ಥಶಾಸ್ತ್ರದ ಪ್ರಾಧ್ಯಾಪಕಿ. ಮಾತು ಕಡಿಮೆ, ತಿಳಿವಳಿಕೆ ಹೆಚ್ಚು. ಮೇಲಿನ ಊರಿನ ಸಭಾಂಗಣದಲ್ಲಿ, ಕಿಟಕಿಗಳ ಗಾಜು ಒಡೆದು ರಟ್ಟು ಅಂಟಿಸಿದ್ದ ಕೋಣೆಯಲ್ಲಿ, ಆಕೆ ಸದಸ್ಯರಿಗೆ ವಿಷಯವನ್ನು ಬಿಡಿಸಿ ಹೇಳಿದರು.

“ನಿಮ್ಮ ಕುಡಿಯೋ ನೀರನ್ನ ಯಾರು ಪರೀಕ್ಷೆ ಮಾಡ್ತಾರೆ?”

“ನಮ್ಮ ನೀರಗಂಟಿನೇ, ಮೇಡಂ. ಕುಡಿದು ನೋಡ್ತಾನೆ,” ಎಂದನೊಬ್ಬ ಸದಸ್ಯ. ಎಲ್ಲರೂ ನಕ್ಕರು, ಅಧ್ಯಕ್ಷೆ ನಗಲಿಲ್ಲ. ಹಿಂದಿನ ವರ್ಷ ಎರಡೂ ಊರುಗಳಲ್ಲಿ ಕಾಮಾಲೆಯಿಂದ ಮಕ್ಕಳು ಸತ್ತಿದ್ದುದು ಅವರಿಗೆ ಗೊತ್ತಿತ್ತು.

“ನೋಡಿ, ಶುದ್ಧೀಕರಣ ಘಟಕಕ್ಕೆ, ಪ್ರಯೋಗಾಲಯಕ್ಕೆ ದೊಡ್ಡ ಊರು ಬೇಕು. ತಲಾ ಖರ್ಚು ಅಲ್ಲಿ ಇಳಿಯತ್ತೆ. ಕಸ ಗುಡಿಸೋದಕ್ಕೆ ಆ ಲಾಭ ಇಲ್ಲ, ಊರು ದೊಡ್ಡದಾದಷ್ಟೂ ಗುಡಿಸೋರ ಮೇಲೆ ಮೇಲ್ವಿಚಾರಕರು, ಅವರ ಮೇಲೆ ಇನ್ನೊಬ್ರು ಹುಟ್ಕೋತಾರೆ. ಎಲ್ಲ ಸೇವೆಗೂ ಸರಿಹೋಗೋ ಒಂದೇ ಗಾತ್ರ ಅಂತ ಇಲ್ಲ. ಆದ್ರೆ ಸರ್ಕಾರ ಒಂದೇ ಗಡಿ ಎಳೀಬೇಕು.”

ಯಾವ ಪುರಸಭೆ ಸ್ವತಂತ್ರವಾಗಿ ಉಳಿಯಲು ಸಮರ್ಥ ಎಂಬುದಕ್ಕೆ ಸಮಿತಿ ಕೆಲವು ಮಾನದಂಡಗಳನ್ನು ಇಟ್ಟಿತ್ತು. ಪ್ರತಿಯೊಂದು ತುರ್ತು ಯಂತ್ರಕ್ಕೂ ಬದಲಿ ಯಂತ್ರವೊಂದು ಇರಬೇಕೆಂಬುದು ಅವುಗಳಲ್ಲಿ ಒಂದು. ಪಂಪಿನ ಪ್ರಶ್ನೆ ಬಂದಾಗ ಮೇಲಿನವರು ಎದ್ದು ನಿಂತು, ತಮ್ಮಲ್ಲಿ ಎರಡಿವೆಯೆಂದು ಹೇಳಿದರು. ಮರುದಿನ ಹಳ್ಳದಾಚೆಯ ಸಭೆಯಲ್ಲಿ ಕೆಳಗಿನವರೂ ಎರಡೆಂದರು. ಒಬ್ಬರನ್ನೊಬ್ಬರು ಕೇಳಿಕೊಂಡು ಹೇಳಿದ್ದಲ್ಲ; ವಂಚನೆಯೆಂದು ಇಬ್ಬರ ಮನಸ್ಸಿಗೂ ತೋರಿರಲಿಲ್ಲ. ಕೂಗಿದೊಡನೆ ಬರುವ ಪಂಪನ್ನು ಇಲ್ಲವೆನ್ನುವುದು ಅವರಿಗೆ ಸಂಬಂಧವನ್ನೇ ಇಲ್ಲವೆಂದಂತೆ.

ಸಮಿತಿಯ ವರದಿಯಂತೆ ಸುತ್ತಲಿನ ಪುರಸಭೆಗಳೆಲ್ಲ ನಗರಪಾಲಿಕೆಯಲ್ಲಿ ಸೇರಿಹೋದವು. ಎರಡು ಊರುಗಳು ಕೂಡಿ ಒಂದು ವಲಯವಾಯಿತು. ಮೇಲಿನವರು ವಲಯಾಧಿಕಾರಿಯಾದರು, ಕೆಳಗಿನವರು ಅವರ ಸಹಾಯಕರಾದರು. ದೊಡ್ಡ ಕೊಳವೆಯಲ್ಲಿ ಶುದ್ಧವಾದ ನೀರು ಬಂದಿತು. ಆ ವರ್ಷ ಕಾಮಾಲೆ ಕಾಣಿಸಲಿಲ್ಲ. ವಿಲೀನವನ್ನು ಬೈಯುತ್ತಿದ್ದ ತಂಗಿಯೇ ಲೋಟವನ್ನು ಬೆಳಕಿಗೆ ಹಿಡಿದು, “ಅಣ್ಣಾ, ತಳ ಕಾಣತ್ತೆ ನೋಡು,” ಎಂದಳು.

ಬೇಸಿಗೆ ಕಳೆಯುತ್ತಿರುವಾಗ ಪಾಲಿಕೆಯ ಲಾರಿಯೊಂದು ವಲಯ ಕಚೇರಿಯ ಅಂಗಳದಲ್ಲಿ ನಿಂತಿತು. ಪಾಲಿಕೆಯ ನಿಯಮದಂತೆ ಇಷ್ಟು ಜನಸಂಖ್ಯೆಯ ವಲಯಕ್ಕೆ ಎರಡು ಪಂಪು ಸಾಕು. ಸಮಿತಿಗೆ ಕೊಟ್ಟ ಲೆಕ್ಕದಂತೆ ಈ ವಲಯದಲ್ಲಿ ನಾಲ್ಕಿವೆ. ಹೆಚ್ಚುವರಿ ಎರಡನ್ನು ಕೇಂದ್ರ ಡಿಪೋಗೆ ಒಯ್ಯತಕ್ಕದ್ದು ಎಂಬ ಆಜ್ಞೆ ಚಾಲಕನ ಕೈಯಲ್ಲಿತ್ತು. ಮೇಲಿನವರು ಹೊರಗೆ ಹೋಗಿದ್ದರು. ಕೆಳಗಿನವರು ತಡೆದರು, ಕೂಗಾಡಿದರು. ಚಾಲಕ ಶೆಡ್ಡಿನೊಳಗೆ ಇಣುಕಿ, ಇದ್ದ ಎರಡನ್ನೂ ಲಾರಿಗೆ ಏರಿಸಿಕೊಂಡ.

“ಉಳಿದೆರಡು ಎಲ್ಲಿಟ್ಟಿದೀರಿ ಸಾರ್? ಚೆನ್ನಾಗಿ ನೋಡ್ಕೊಳ್ಳಿ, ಮಳೆ ಹತ್ರ ಬಂತು,” ಎಂದು ಹೇಳಿಯೂ ಹೋದ.

ಸಂಜೆ ತಂಗಿಯ ಮನೆಯ ಜಗಲಿಯಲ್ಲಿ ಇಬ್ಬರೂ ಕುಳಿತರು.

“ನಾಳೆ ಆಯುಕ್ತರ ಹತ್ರ ಹೋಗಿ ಇದ್ದದ್ದು ಇದ್ದಂಗೆ ಹೇಳ್ತೀನಿ ಭಾವ,” ಎಂದರು ಮೇಲಿನವರು.

“ಕಳ್ಳರು ಅಂತಾರೆ.” ಕೆಳಗಿನವರು ಚಪ್ಪಲಿಯ ತುದಿಯಿಂದ ನೆಲ ಕೆರೆಯುತ್ತಿದ್ದರು. “ಇಬ್ರು ಸೇರಿ ಎರಡು ಪಂಪು ಮಾರ್ಕೊಂಡ್ರು ಅಂತಾರೆ. ಇಲ್ಲದ್ದನ್ನ ಮಾರಿದ ಜಾಣರು ನಾವೇ ಮೊದಲು.”

“ಸುಮ್ಮನಿದ್ರೆ ಈ ಬೀದಿ?”

“ಅದಕ್ಕೇ ಹೋಗ್ಲೇಬೇಕು. ನಾನೂ ಬರ್ತೀನಿ. ಬೈಸ್ಕೊಳ್ಳೋಕೆ ಜೊತೆ ಇದ್ರೆ ಒಳ್ಳೇದು.”

ಆಯುಕ್ತರು ಕೆಟ್ಟವರಲ್ಲ. ಇಬ್ಬರನ್ನೂ ಕುಳ್ಳಿರಿಸಿ, ಕಡೆಯವರೆಗೂ ಕೇಳಿದರು. ಆಮೇಲೆ ಕನ್ನಡಕ ತೆಗೆದು ಹಣೆ ಒತ್ತಿಕೊಂಡರು.

“ನಿಮ್ಮ ಮಾತು ನಾನು ನಂಬ್ತೀನಿ. ಆದ್ರೆ ಆ ಇಲ್ಲದ ಎರಡು ಪಂಪೂ ಪಾಲಿಕೆಯ ಆಸ್ತಿ ಅಂತ ಸೇರಿಹೋಗಿದೆ. ಈಗ ಇಲ್ಲ ಅಂದ್ರೆ ಕಾಣೆಯಾಯ್ತು ಅಂತ ಅರ್ಥ. ಕಾಣೆಯಾದ್ರೆ ವಿಚಾರಣೆ. ವಿಚಾರಣೆ ಮುಗಿದು ಅವನ್ನ ಆಸ್ತಿಯಿಂದ ತೆಗೆಯೋವರೆಗೂ ಹೊಸದು ಮಂಜೂರು ಮಾಡೋಕಾಗಲ್ಲ. ವಲಯದಲ್ಲಿ ಎರಡು ಇದೆಯಲ್ಲ ಅಂತ ಲೆಕ್ಕಪರಿಶೋಧಕರು ಕೇಳ್ತಾರೆ.”

“ಒಯ್ದಿದ್ದನ್ನಾದ್ರೂ ವಾಪಸ್ ಕೊಡಿ ಸ್ವಾಮಿ,” ಎಂದರು ಕೆಳಗಿನವರು.

“ಕೇಂದ್ರದಲ್ಲಿ ಅಂಡರ್‌ಪಾಸ್ ಮುಳುಗಿದ್ರೆ ದಿನಕ್ಕೆ ಲಕ್ಷ ಜನ ನಿಲ್ತಾರೆ. ಅಲ್ಲಿರಲಿ. ನಿಮಗೆ ಬೇಕಾದಾಗ ಕಂಟ್ರೋಲ್ ರೂಮಿಗೆ ಫೋನ್ ಮಾಡಿ, ಬರತ್ತೆ. ಒಂದೇ ಕಡೆ ಇಟ್ಟು ಎಲ್ಲರಿಗೂ ಕಳಿಸೋದೇ ದೊಡ್ಡ ಸಂಸ್ಥೆಯ ಅನುಕೂಲ ಅಲ್ವೇ?”

ಮೇಲಿನವರು ಉತ್ತರಿಸಲು ಬಾಯಿ ತೆರೆದರು. ಹಳ್ಳದ ಎರಡು ದಡಗಳಿಗೆ ನೀರು ಬೇರೆ ಬೇರೆ ಹೊತ್ತಿಗೆ ಬರುತ್ತಿತ್ತು. ಅದರಿಂದಲೇ ಪಂಪಿನ ಕೊಳುಕೊಡುಗೆ ನಡೆದಿತ್ತು. ಈಗ ಊರಿಗೆಲ್ಲ ಒಮ್ಮೆಗೇ ಮಳೆ ಬಂದು ಹತ್ತು ಕಡೆ ನೀರು ನಿಂತರೆ ಒಂದು ಡಿಪೋ ಯಾರಿಗೆಂದು ಕೊಡುವುದು? ಇದನ್ನು ಹೇಳಿದರೂ ಆಯುಕ್ತರ ಮುಖದಲ್ಲಿ ಸಹಾನುಭೂತಿಯೊಂದೇ ಉಳಿಯಿತು. ಆ ವಾರವೇ ಇಬ್ಬರನ್ನೂ ಅಮಾನತಿನಲ್ಲಿಟ್ಟ ಆಜ್ಞೆ ಹೊರಟಿತು.

ಮಳೆ ಹಾಡಹಗಲೇ ಬಂದಿತು. ಶಾಲೆ ಬಿಡುವ ಹೊತ್ತಿಗೆ ಇಡೀ ನಗರದ ಮೇಲೆ ಒಂದೇ ಸಮನೆ ಸುರಿಯತೊಡಗಿತು. ತಗ್ಗಿನ ಬೀದಿಯವರಿಗೆ ಕಂಟ್ರೋಲ್ ರೂಮಿನ ಸಂಖ್ಯೆಯನ್ನು ಗೋಡೆಗೋಡೆಗೂ ಅಂಟಿಸಲಾಗಿತ್ತು. ಅವರು ಅದನ್ನು ಬಿಟ್ಟು, ಅಮಾನತಾಗಿ ಮನೆಯಲ್ಲಿದ್ದ ಕೆಳಗಿನವರ ಬಾಗಿಲನ್ನೇ ಬಡಿದರು. ಕೆಳಗಿನವರು ಭಾವನಿಗೆ ಫೋನ್ ಮಾಡಿದರು. ಭಾವ ಕಂಟ್ರೋಲ್ ರೂಮಿಗೆ ಮಾಡಿದರು.

“ನಿಮ್ಮ ದೂರು ದಾಖಲಾಗಿದೆ ಸರ್,” ಎಂದಳು ಅಲ್ಲಿನ ಹುಡುಗಿ. ಅವಳ ಹಿಂದೆ ಇನ್ನೂ ಹಲವು ಫೋನುಗಳು ಬಡಿದುಕೊಳ್ಳುತ್ತಿದ್ದವು. “ಪಂಪು ಅಂಡರ್‌ಪಾಸ್‌ನಲ್ಲಿದೆ. ಅಲ್ಲಿ ಮುಗಿದ್ಮೇಲೆ ನಿಮ್ಮ ಸರದಿ. ನಿಮ್ಮ ವಲಯದಲ್ಲೇ ಎರಡಿದೆ ಅಂತ ತೋರಿಸ್ತಿದೆ, ಅದನ್ನ ಬಳಸ್ಬಹುದಲ್ಲ?”

“ಇಲ್ಲಮ್ಮಾ. ಇಲ್ಲಿ ಪಂಪಿಲ್ಲ.”

“ಇದೆ ಅಂತ ತೋರಿಸ್ತಿದೆ ಸರ್.”

ಮೇಲಿನವರು ಫೋನನ್ನು ಎಸೆದು ಸ್ಕೂಟರು ಹತ್ತಿದರು. ಸೇತುವೆಯ ಮೇಲೆ ಹಳ್ಳ ಹರಿಯುತ್ತಿದ್ದುದರಿಂದ ಈಚೆಯ ದಡದಲ್ಲಿಯೇ ನಿಲ್ಲಬೇಕಾಯಿತು.

ಆಚೆ, ಬೀದಿಯ ನೀರು ಎದೆಮಟ್ಟಕ್ಕೇರಿತ್ತು. ಮೋರಿಗೆ ಹಳೆಯ ಕೆರೆಯ ಕಡೆಗೆ ಮತ್ತೊಂದು ಬಾಯಿಯುಂಟು. ಅದರ ಕಬ್ಬಿಣದ ಕಂಬಿಗಳಿಗೆ ಹಾಸಿಗೆ, ಗೋಣಿಚೀಲ, ಕೊಂಬೆಗಳು ಸಿಕ್ಕಿಕೊಂಡಿದ್ದವು. ಅದನ್ನು ಬಿಡಿಸಿದರೆ ನೀರು ಸ್ವಲ್ಪವಾದರೂ ಇಳಿದೀತೆಂದು ಕೆಳಗಿನವರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದರು.

“ಬೇಡ ರೀ,” ಎಂದಳು ತಂಗಿ ಮಹಡಿಯ ಕಿಟಕಿಯಿಂದ.

“ಅಮಾನತಿನಲ್ಲಿ ಇರೋನಿಗೆ ಬೇರೆ ಕೆಲಸ ಏನಿದೆ? ಈಜಾಡ್ಕೊಂಡ್ ಬರ್ತೀನಿ ಇರು.”

ಹಾಸಿಗೆ ಬಿಟ್ಟುಕೊಂಡಿತು. ತುಂಬಿದ ನೀರು ಒಮ್ಮೆಲೇ ಆ ಬಾಯಿಗೆ ನುಗ್ಗಿ, ಅವರನ್ನು ಕಂಬಿಗಳಿಗೆ ಒತ್ತಿ ಹಿಡಿಯಿತು. ಹಗ್ಗ ಹಿಡಿದಿದ್ದ ನಾಲ್ಕಾರು ಗಂಡಸರು ಎಳೆದರು; ನೀರು ಅವರಿಗಿಂತ ಬಲವಾಗಿತ್ತು. ಬೀದಿಯ ನೀರು ಇಳಿದ ಮೇಲೆಯೇ ಕೆಳಗಿನವರ ದೇಹವನ್ನು ಕಂಬಿಯಿಂದ ಬಿಡಿಸಲು ಸಾಧ್ಯವಾಯಿತು. ಕತ್ತಲಾಗುವ ಮೊದಲು ಪಾಲಿಕೆಯ ಪಂಪು ಬಂದಿತು, ಎತ್ತಲು ಹೆಚ್ಚು ನೀರಿಲ್ಲದ್ದನ್ನು ನೋಡಿ ಮರಳಿತು.

ಕರ್ಮಗಳು ಮುಗಿದ ಬಳಿಕ ಆಯುಕ್ತರು ಸ್ವತಃ ಬಂದರು. ತಂಗಿಯ ಮುಂದೆ ಕೈಮುಗಿದು ಚಾಪೆಯ ಮೇಲೆ ಕುಳಿತರು. ಗೋಡೆಯಲ್ಲಿ ನೀರು ನಿಂತ ಗುರುತು ಕುಳಿತಿದ್ದ ಅವರ ತಲೆಗಿಂತ ಮೇಲಿತ್ತು. ಹೊರಡುವಾಗ ಮೇಲಿನವರನ್ನು ಅಂಗಳಕ್ಕೆ ಕರೆದರು.

“ತೀರಿಕೊಂಡವರ ಮೇಲಿನ ವಿಚಾರಣೆ ಅಲ್ಲಿಗೇ ನಿಲ್ಲತ್ತೆ. ಪಂಪುಗಳ ಹೊಣೆ ಅವರೊಬ್ಬರದೇ ಆಗಿತ್ತು ಅಂತ ನೀವು ಹೇಳಿಕೆ ಕೊಟ್ರೆ, ಕಡತ ಮುಚ್ಚಬಹುದು. ನಿಮ್ಮ ಅಮಾನತು ಹೋಗತ್ತೆ. ಮುಖ್ಯವಾದದ್ದು ಅದಲ್ಲ, ಆ ಎರಡನ್ನ ಆಸ್ತಿಯಿಂದ ತೆಗೆದು, ಎರಡು ಹೊಸ ಪಂಪಿಗೆ ಈ ತಿಂಗಳೇ ಮಂಜೂರಾತಿ ಕೊಡಬಲ್ಲೆ. ಇಲ್ದಿದ್ರೆ ನಿಮ್ಮ ವಿಚಾರಣೆ ಮುಗಿಯೋ ಹೊತ್ತಿಗೆ ಇನ್ನೊಂದು ಮಳೆಗಾಲ ಬರತ್ತೆ. ನನಗೆ ಬೇರೆ ದಾರಿ ಕಾಣ್ತಿಲ್ಲ.”

ಮೇಲಿನವರು ಒಳಗೆ ಬಂದು ತಂಗಿಗೆ ಎಲ್ಲವನ್ನೂ ಹೇಳಿದರು. ತಪ್ಪು ಇಬ್ಬರದೂ ಸಮ ಎಂದರು. ತಾನು ಹೇಳಿಕೆ ಕೊಡುವುದಿಲ್ಲ, ವಿಚಾರಣೆ ಎಷ್ಟು ವರ್ಷ ಬೇಕಾದರೂ ನಡೆಯಲಿ ಎಂದರು.

ತಂಗಿ ಒದ್ದೆ ಬಟ್ಟೆಗಳನ್ನು ಮಡಿಸುತ್ತಿದ್ದಳು. ಇನ್ನೂ ಒಣಗಿರದ ಬಟ್ಟೆಗಳು. ಪಕ್ಕದ ಮನೆಯಲ್ಲಿ ಮಗುವೊಂದು ಅಳುತ್ತಿತ್ತು, ಯಾರೋ ಅದನ್ನು ಎತ್ತಿಕೊಂಡು ರಮಿಸುತ್ತಿದ್ದರು.

“ಆಮೇಲೆ?” ಎಂದಳು.

“ಆಮೇಲೆ ಏನು?”

“ಮತ್ತೆ ಮಳೆ ಬರತ್ತಲ್ಲ ಅಣ್ಣಾ. ಆಗ ಯಾರು ಇಳೀತಾರೆ? ಪಕ್ಕದ ಮನೆಯವ್ರಾ? ನನ್ನ ಮಗನಾ? ಅವನೂ ಅಪ್ಪನ ಹಾಗೇ, ಕರೆದ್ರೆ ಇಲ್ಲ ಅನ್ನಲ್ಲ.”

“ಅವರ ಹೆಸರು ಕೆಡತ್ತೆ, ತಂಗಿ. ಪಂಪು ನುಂಗಿದ ಅಂತಾರೆ.”

“ಅಂತಾರೆ.” ಅವಳು ಅಂಗಿಯೊಂದನ್ನು ಕೊಡವಿ ಮತ್ತೆ ಮಡಿಸಿದಳು. “ಕೊಟ್ಬಿಡು ಹೇಳಿಕೆ.”

ಮೇಲಿನವರು ಹೇಳಿಕೆ ಕೊಟ್ಟರು. ಅವರ ಹುದ್ದೆ ಮರಳಿತು; ತಿಂಗಳು ತುಂಬುವುದರೊಳಗೆ ಎರಡು ಹೊಸ ಪಂಪುಗಳು ಬಂದವು. ಆ ನಡುವೆ ತಂಗಿ ಫೋನ್ ಮಾಡಿದ್ದು ಒಮ್ಮೆ ಮಾತ್ರ.

“ಪಂಪು ನಮ್ಮ ಬೀದಿ ಬಾಯಲ್ಲೇ ಇಡಿಸು. ಬೀಗದ ಕೈ ಪಕ್ಕದ ಮನೆಯವರಿಗೆ ಕೊಡು,” ಎಂದಳು. ಫೋನ್ ಇಡುವ ಮೊದಲು ಇನ್ನೊಂದು ಮಾತು ಹೇಳಿದಳು, “ನೀನು ಬರ್ಬೇಡ ಅಣ್ಣಾ. ಕೆಲಸದವರನ್ನ ಕಳ್ಸು. ಮಕ್ಕಳು ಅಪ್ಪನ ಬಗ್ಗೆ ಹೊರಗೆ ಕೇಳ್ಕೊಂಡ್ ಬಂದು ನಿನ್ನ ಮುಖ ನೋಡ್ತಾರೆ. ನಂಗೆ ಅದನ್ನ ನೋಡೋಕಾಗಲ್ಲ.”

ಅವರು ಪಂಪನ್ನು ಕೆಲಸದವರೊಡನೆ ಕಳುಹಿಸಿದರು. ಟ್ರ್ಯಾಕ್ಟರು ಸೇತುವೆ ದಾಟಿ ತಗ್ಗಿಗೆ ಇಳಿಯುವವರೆಗೆ ಈಚೆಯ ದಡದಲ್ಲಿ ನಿಂತಿದ್ದು, ಅನಂತರ ಕಚೇರಿಗೆ ಹಿಂದಿರುಗಿದರು.