ಸಿದ್ಧಿಗೆ ಆರು ತುಂಬಿದಾಗ

ಬನಹಟ್ಟಿಯ ನೂಲಿನ ವ್ಯಾಪಾರಿ ಪಾಯಪ್ಪನವರು ಮೊಮ್ಮಗಳು ಸಿದ್ಧಿಗೆ ಆರು ವರ್ಷ ತುಂಬುವುದನ್ನೇ ಕಾಯುತ್ತಿದ್ದರು. ಅವಳು ಹುಟ್ಟಿದಾಗ ಎರಡೂ ಕಿವಿಗಳ ಜಾಗದಲ್ಲಿ ಹುಣಸೆಬೀಜದಷ್ಟು ಮಾಂಸದ ಗಂಟು ಮಾತ್ರ ಇತ್ತು. ರಂಧ್ರ ಇರಲಿಲ್ಲ. ಹೆರಿಗೆ ಮಾಡಿಸಿದ ಡಾಕ್ಟರು, "ಆರು ವರ್ಷ ಆಗಲಿ, ಆಪರೇಶನ್ ಮಾಡಿ ತೆರೀತಾರ, ಆಮ್ಯಾಲೆ ಕೇಳಸ್ತೈತಿ" ಎಂದು ಹೇಳಿ ಕಳಿಸಿದ್ದರು. ಪಾಯಪ್ಪನವರಿಗೆ ಆ ಮಾತು ವೇದವಾಯಿತು. ಕೂಸಿನ ತಾಯಿ ಶೀತಲ್ ಹಾಗೇ ನಂಬಿ ಕೂತಿದ್ದರೆ ಏನಾಗುತ್ತಿತ್ತೋ.

ಅವಳು ಕೂರಲಿಲ್ಲ. ಕೂಸಿಗೆ ಐದು ತಿಂಗಳಿದ್ದಾಗ ಅಂಗನವಾಡಿಗೆ ಮಕ್ಕಳನ್ನು ತಪಾಸಣೆ ಮಾಡಲು ಬಂದಿದ್ದ ಆರೋಗ್ಯ ಇಲಾಖೆಯವರು ಸಿದ್ಧಿಯನ್ನು ನೋಡಿ, ಜಮಖಂಡಿಯಲ್ಲಿ ಶ್ರವಣ ಪರೀಕ್ಷೆ ಮಾಡುವ ನೇಹಾ ಎಂಬವರ ಹತ್ತಿರ ಹೋಗಿ ಎಂದರು. ಶೀತಲ್ ಮರುದಿನವೇ ಗಂಡ ನಿಶಾಂತನನ್ನು ಹೊರಡಿಸಿಕೊಂಡು ಬಸ್ಸು ಹತ್ತಿದಳು.

ನೇಹಾ ಕೂಸಿಗೆ ಹಾಲು ಕುಡಿಸಿ ಮಲಗಿಸಲು ಹೇಳಿದರು. ನಿದ್ದೆ ಹತ್ತಿದ ಮೇಲೆ ಹಣೆಗೆ ಸಣ್ಣ ತಂತಿಗಳನ್ನು ಅಂಟಿಸಿ, ಕಿವಿಯ ಹಿಂದಿನ ಎಲುಬಿಗೆ ಗುಂಡಿಯಂಥದ್ದೊಂದನ್ನು ಒತ್ತಿ ಹಿಡಿದು ಬಹಳ ಹೊತ್ತು ಕಂಪ್ಯೂಟರ್ ನೋಡುತ್ತಾ ಕೂತರು. ಆಮೇಲೆ ನಗುತ್ತಾ ತಿರುಗಿದರು.

"ಒಳಗಿನ ಕಿವಿ ಛಲೋ ಐತ್ರಿ, ಎರಡೂ ಕಡೆ. ಹೊರಗಿಂದ ಒಳಗ ಹೋಗೋ ದಾರಿ ಅಷ್ಟ ಇಲ್ಲ. ಎಲುಬಿಗಿ ಸಪ್ಪಳ ಮುಟ್ಟಿಸಿದ್ರ ಅದು ನೇರ ಒಳಗ ಹೋಕ್ಕೈತಿ."

"ಆರು ವರ್ಷಕ್ಕ ಆಪರೇಶನ್ ಮಾಡೂಣು ಅಂದಾರ್ರಿ," ಎಂದ ನಿಶಾಂತ.

"ಆಪರೇಶನ್‌ಗಿ ಕಾಯ್ರಿ, ಅದು ಖರೆ. ಆದರ ಕೇಳಸೂದಕ್ಕ ಕಾಯಬ್ಯಾಡ್ರಿ. ಆರು ವರ್ಷ ಮಾತ ಕೇಳಲಾರದ ಕುಂತ ಕೂಸು ಮಾತ ಹೆಂಗ ಕಲೀತೈತಿ? ಮಾತು ಕಲಿಯೂ ವಯಸ್ಸು ಈಗ ಐತಿ. ಈಗ ಎಲುಬಿನ ಮಶೀನ್ ಹಾಕೂಣು."

ಅದು ಬೆಂಕಿಪೆಟ್ಟಿಗೆಗಿಂತ ಸಣ್ಣದಾದ ಪೆಟ್ಟಿಗೆ, ಮೆತ್ತಗಿನ ಪಟ್ಟಿಗೆ ಸಿಕ್ಕಿಸಿದ್ದು. ಪಟ್ಟಿಯನ್ನು ತಲೆಗೆ ಸುತ್ತಿದರೆ ಪೆಟ್ಟಿಗೆ ಕಿವಿಯ ಹಿಂದಿನ ಎಲುಬಿಗೆ ಅಂಟಿ ಕೂರುತ್ತಿತ್ತು. ಸಿದ್ಧಿ ಮೊದಲು ಅದನ್ನು ಕಿತ್ತು ಕಿತ್ತು ಬಿಸಾಡಿದಳು. ಶೀತಲ್ ಎತ್ತಿ ಎತ್ತಿ ಕಟ್ಟಿದಳು. ತಿಂಗಳೊಂದು ಕಳೆಯುವಷ್ಟರಲ್ಲಿ ಓಣಿಯ ಮಗ್ಗಗಳು ಶುರುವಾದರೆ ಕೂಸು ಆ ಕಡೆ ತಿರುಗಿ ನೋಡುತ್ತಿತ್ತು. ಒಂದೂವರೆ ವರ್ಷಕ್ಕೆ "ಅವ್ವಾ" ಎಂದಿತು. ಮೂರಕ್ಕೆ ಬಂದಾಗ, "ಸಾಕ ಮಾಡವಾ, ತಲಿ ತಿನಬ್ಯಾಡ" ಎಂದು ಅಜ್ಜಿ ಬೋರವ್ವನವರೇ ಕೈಮುಗಿಯುವಷ್ಟು ಮಾತಾಡತೊಡಗಿತು.

ಆದರೂ ಪಾಯಪ್ಪನವರ ಲೆಕ್ಕದಲ್ಲಿ ಆ ಪಟ್ಟಿ ತಾತ್ಕಾಲಿಕದ್ದು. ಮನೆಗೆ ಯಾರೇ ಬಂದರೂ, "ಆರು ತುಂಬಲ್ರಿ, ಕಿವಿ ತೆರಸ್ತೇವಿ, ಆಮ್ಯಾಲೆ ಇದೆಲ್ಲಾ ಬೇಕಾಗೂದಿಲ್ಲ" ಎನ್ನುತ್ತಿದ್ದರು. ಸಿದ್ಧಿ ಅಲ್ಲೇ ಆಡುತ್ತಾ ಅದನ್ನು ಕೇಳುತ್ತಿದ್ದಳು. ಅವಳು ಕೇಳುತ್ತಿದ್ದಾಳೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ಆರು ತುಂಬಿತು. ಬೆಳಗಾವಿಯ ದೊಡ್ಡ ಆಸ್ಪತ್ರೆಯ ಕಿವಿ ಡಾಕ್ಟರು ಸಂಜಯ ಅವರ ಹತ್ತಿರ ಸ್ಕ್ಯಾನಿಗೆ ದಿನ ಗೊತ್ತಾಯಿತು. ಪಾಯಪ್ಪನವರು ತಾವೂ ಬರುವುದಾಗಿ ಹಟ ಹಿಡಿದರು. ಶೀತಲ್‌ಗೆ ಮಾತ್ರ ಆ ದಿನ ಗೊತ್ತಾದಾಗಿನಿಂದ ಊಟ ಸೇರಲಿಲ್ಲ. ಮೊಬೈಲಿನಲ್ಲಿ ಎಲ್ಲೋ ಓದಿದ್ದಳು: ಕಿವಿ ಕೊರೆಯುವ ಜಾಗದ ಹತ್ತಿರವೇ ಮುಖದ ನರ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾದರೆ ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆ. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಇಷ್ಟು ವರ್ಷ ಕಾದ ಮಾವನವರ ಮುಂದೆ ಹೇಗೆ ಹೇಳುವುದು?

ಮಹಾಲಿಂಗಪುರ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಕಾರು ತೆವಳಿತು. ಸಿದ್ಧಿ ಎಂದೂ ಸುಮ್ಮನೆ ಕೂರುವವಳಲ್ಲ, ಅಂದು ದಾರಿಯುದ್ದಕ್ಕೂ ಎರಡೂ ಕೈಯಿಂದ ತಲೆಯ ಪಟ್ಟಿ ಹಿಡಿದುಕೊಂಡೇ ಇದ್ದಳು. ಕಾರಿನಲ್ಲಿ ಹೊಟ್ಟೆ ತೊಳಸುತ್ತಿರಬೇಕೆಂದು ಶೀತಲ್ ಲಿಂಬೆಹಣ್ಣು ಮೂಸಿಸಿದಳು.

ನಿಜವಾದ ಕಾರಣ ಸ್ಕ್ಯಾನಿನ ಕೋಣೆಯಲ್ಲಿ ಗೊತ್ತಾಯಿತು.

"ಮಶೀನ್ ತಗೀಬೇಕ್ರಿ, ತಲಿಮ್ಯಾಲ ಲೋಹ ಇರಬಾರದು. ಒಂದೀಟೂ ಅಳ್ಳಾಡದಂಗ ಮಲಗಬೇಕು," ಎಂದ ಅಲ್ಲಿನ ತಂತ್ರಜ್ಞ ಅಜಯ.

ಶೀತಲ್ ಪಟ್ಟಿಗೆ ಕೈ ಹಾಕಿದ್ದೇ ತಡ ಸಿದ್ಧಿ ಚೀರಿದಳು. "ಬ್ಯಾಡವಾ! ತಗೀಬ್ಯಾಡ! ಕೊಡೂದಿಲ್ಲ ನಾ!"

ಮನೆಯಲ್ಲಿ ಸ್ನಾನಕ್ಕೆ, ನಿದ್ದೆಗೆ ತಾನೇ ತೆಗೆದಿಡುತ್ತಿದ್ದ ಹುಡುಗಿ. ಶೀತಲ್‌ಗೆ ಆಶ್ಚರ್ಯವಾಯಿತು. ಅವಳು ಮಂಡಿಯೂರಿ ಕೂತಳು.

"ಯಾಕವಾ? ದಿನಾ ತಗೀತೀಯಲ್ಲ?"

"ಅಜ್ಜ ಹೇಳ್ಯಾನಲ್ಲ, ಆಪರೇಶನ್ ಆದಮ್ಯಾಲ ಇದನ್ನ ಒಯ್ತಾರಂತ. ಆಮ್ಯಾಲೆ ನನಗ ಹೆಂಗ ಕೇಳಸ್ತೈತಿ?"

ಶೀತಲ್‌ಗೆ ಈಗ ಅರ್ಥವಾಯಿತು. ಪಟ್ಟಿ ಇಲ್ಲದಿದ್ದಾಗ ಸಿದ್ಧಿಗೆ ಯಾರಾದರೂ ಹತ್ತಿರ ಬಂದು ಕೂಗಿದರಷ್ಟೇ ಕೇಳುತ್ತಿತ್ತು. ತನ್ನನ್ನು ಶಾಶ್ವತವಾಗಿ ಆ ಮೌನಕ್ಕೆ ಕಳಿಸುತ್ತಾರೆಂದು ಕೂಸು ತಿಳಿದಿತ್ತು. ಎಷ್ಟು ದಿನದಿಂದಲೋ.

"ಯಾರೂ ಒಯ್ಯೂದಿಲ್ಲ. ಇಲ್ನೋಡು, ನನ್ನ ಕೈಯಾಗ ಹಿಡಕೊಂಡ ನಿಂತಿರ್ತೇನಿ. ಒಳಗ ನಿನಗ ಏನೂ ಕೇಳಸೂದಿಲ್ಲ, ಅದಕ್ಕ ನಿನ್ನ ಪಾದ ಹಿಡೀತೇನಿ. ಒಮ್ಮೆ ಒತ್ತಿದ್ರ ಅಳ್ಳಾಡಬ್ಯಾಡ ಅಂತ. ಎರಡ ಸಲ ಒತ್ತಿದ್ರ ಮುಗೀತು ಅಂತ. ಆತಿಲ್ಲ?"

ಅಜಯ ಶೀತಲ್‌ಗೆ ಸೀಸದ ಭಾರವಾದ ಏಪ್ರನ್ ತೊಡಿಸಿ ಒಳಗೆ ನಿಲ್ಲಲು ಬಿಟ್ಟ. ಸಿದ್ಧಿ ಕಣ್ಣು ಮುಚ್ಚಿ ಕಟ್ಟಿಗೆಯಂತೆ ಮಲಗಿದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಶೀತಲ್ ಪಾದವನ್ನು ಎರಡು ಸಲ ಒತ್ತಿದಳು. ಹುಡುಗಿ ಎದ್ದು ಕೂತು ಮೊದಲು ಕೈ ಚಾಚಿದ್ದು ಪಟ್ಟಿಗೆ.

ಮಧ್ಯಾಹ್ನ ಡಾಕ್ಟರು ಸಂಜಯ ಎಲ್ಲರನ್ನೂ ಒಳಗೆ ಕರೆದರು. ಪರದೆಯ ಮೇಲೆ ಸಿದ್ಧಿಯ ತಲೆಯ ಬೂದು ಚಿತ್ರಗಳಿದ್ದವು. ಅವರು ಪೆನ್ನಿನ ತುದಿಯಿಂದ ತೋರಿಸಿದರು.

"ಆಪರೇಶನ್ ಮಾಡಬೇಕಂದ್ರ ಒಳಗ ಏನೇನ್ ಬೆಳದೈತಿ ಅಂತ ಹತ್ತಕ್ಕ ಮಾರ್ಕ್ಸ್ ಹಾಕ್ತೇವ್ರಿ. ಏಳು, ಎಂಟು ಬಂದ್ರ ತೆರದ್ರ ಉಪಯೋಗ ಆಕ್ಕೈತಿ. ಸಿದ್ಧಿಗಿ ಬಲಕ್ಕ ನಾಕು, ಎಡಕ್ಕ ಐದು ಬಂದೈತಿ. ನಡುಗಿವಿಯ ಜಾಗ ಭಾಳ ಸಣ್ಣದು. ಸಣ್ಣ ಎಲುಬುಗಳು ಒಂದಕ್ಕೊಂದು ಕೂಡಿ ಗಂಟಾಗ್ಯಾವ. ಮುಖದ ನರ ನಾವು ಕೊರಿಯೂ ಜಾಗದಾಗ ಬಂದೈತಿ. ತೆರದ್ರೂ ಮತ್ತ ಮುಚ್ಚಕೊಳ್ಳೂ ಸಾಧ್ಯತೆ ಐತಿ, ಮಶೀನ್ ಬೇಕ ಬೇಕಾಕ್ಕೈತಿ. ನಾ ತೆರಿಯೂದಿಲ್ಲ."

ಪಾಯಪ್ಪನವರು ತಲೆಯ ಮೇಲಿನ ಟೋಪಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಅಂದ್ರ, ನಮ್ಮ ಕೂಸು ಕಿವುಡಿ ಆಗೇ ಉಳೀತಾಳೇನ್ರೀ ಸಾಹೇಬ್ರ?"

ಡಾಕ್ಟರು ಕುರ್ಚಿಯಿಂದೆದ್ದು ಕಿಟಕಿಯ ಹತ್ತಿರ ಹೋಗಿ, ಸಿದ್ಧಿಗೆ ಬೆನ್ನು ಮಾಡಿ ನಿಂತು, ಸಹಜ ದನಿಯಲ್ಲಿ ಕೇಳಿದರು. "ಸಿದ್ಧಿ, ನಾ ಹೇಳಿದ್ದು ಹೇಳ್ತೀಯೇನು? ಹಗ್ಗ."

"ಹಗ್ಗ."

"ಕಪ್ಪಿ."

"ಕಪ್ಪಿ."

"ಗುಬ್ಬಿ."

"ಗುಬ್ಬಿ. ಸರ್, ಇದು ಒಂದನೇ ಕ್ಲಾಸಿಂದು. ನಾ ಎರಡನೇ ಕ್ಲಾಸಿನ ಪದಾನೂ ಓದ್ತೇನಿ."

ನಿಶಾಂತ ಬಾಯಿಗೆ ಕೈಯಿಟ್ಟುಕೊಂಡು ನಕ್ಕ. ಡಾಕ್ಟರೂ ನಗುತ್ತಾ ತಿರುಗಿ ಬಂದು ಕೂತರು.

"ಅಜ್ಜಾರ, ಈ ಹುಡುಗಿಗಿ ಕೇಳಸಬೇಕಾದದ್ದು ಕೇಳಸಾಕತ್ತೈತಿ. ಐದು ತಿಂಗಳಿಗೇ ನಿಮ್ಮ ಸೊಸಿ ಹೋಗಿ ಇದನ್ನ ಹಾಕಿಸಿದ್ದಕ್ಕ ಇವಳ ಮಾತು ಇಷ್ಟ ಸ್ವಚ್ಛ ಐತಿ. ಮಶೀನ್ ಹಾಕಲಾರದ ಇವತ್ತಿನ ತನಕಾ ಕಾದು ಬಂದಿದ್ರ, ತೆರಿಯಾಕೂ ಬರ್ತಿರಲಿಲ್ಲ, ಮಾತೂ ಬಂದಿರತಿರಲಿಲ್ಲ."

ಪಾಯಪ್ಪನವರು ಸೊಸೆಯ ಕಡೆ ನೋಡಿದರು. ಶೀತಲ್ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ಅಳಬ್ಯಾಡ್ರೀ ತಾಯಿ," ಎಂದರು ಡಾಕ್ಟರು.

"ದುಃಖಕ್ಕ ಅಲ್ರೀ," ಎಂದಳು ಶೀತಲ್. ಮಾವನವರ ಎದುರು ಇಷ್ಟು ಜೋರಾಗಿ ಅವಳು ಎಂದೂ ಮಾತಾಡಿರಲಿಲ್ಲ. "ಮಾರಿ ಸೊಟ್ಟ ಆದ್ರ ಏನ್ ಮಾಡೂದಂತ ಹೆದರಿ ಸತ್ತಿದ್ದೆ. ನೀವು ಬ್ಯಾಡ ಅಂದ್ರಿ. ಹಗುರ ಆತ್ರಿ ನನಗ."

"ನನಗೂ ಅದ ಹೆದರಿಕಿ ಇತ್ತು," ಎಂದ ನಿಶಾಂತ ಮೆಲ್ಲಗೆ. ಗಂಡನೂ ಅದೇ ಓದಿದ್ದನೆಂದು ಶೀತಲ್‌ಗೆ ಆಗ ಗೊತ್ತಾಯಿತು.

ಪಾಯಪ್ಪನವರು ಟೋಪಿಯನ್ನು ಮತ್ತೆ ತಲೆಗೆ ಇಟ್ಟುಕೊಂಡರು. "ಹುಚ್ಚ ನಾನು," ಎಂದರು. "ಕೇಳೂ ಕೂಸಿನ ಮುಂದ ಕುಂತು, ಇನ್ನೂ ಕೇಳಸೂದಿಲ್ಲ ಅಂತ ಊರಿಗೆಲ್ಲ ಹೇಳಕೋತ ಬಂದೆ." ಸಿದ್ಧಿಯನ್ನು ಹತ್ತಿರ ಎಳೆದುಕೊಂಡು ಪಟ್ಟಿಯ ಮೇಲೆಯೇ ತಲೆ ಸವರಿದರು. "ಯಾರೂ ಒಯ್ಯೂದಿಲ್ಲವಾ ಇದನ್ನ. ಯಾವಾಂವ ಒಯ್ತಾನ ನೋಡ್ತೇನಿ."

"ಅಜ್ಜಾ, ಕೈ ತಗಿ. ಮಶೀನ್ ಗರಗರ ಅಂತೈತಿ," ಎಂದಳು ಸಿದ್ಧಿ.

ಆಮೇಲೆ ಡಾಕ್ಟರು ಮುಂದಿನದ್ದನ್ನು ಬಿಡಿಸಿ ಹೇಳಿದರು. ತಲೆಯ ಎಲುಬು ಈಗ ಸಾಕಷ್ಟು ದಪ್ಪವಾಗಿದೆ. ಚರ್ಮದ ಕೆಳಗೆ ಎಲುಬಿಗೆ ಒಂದು ಸಣ್ಣ ಸಾಧನ ಕೂರಿಸಿದರೆ, ಹೊರಗಿನ ಪೆಟ್ಟಿಗೆ ಅಯಸ್ಕಾಂತದಿಂದ ಅಂಟಿಕೊಳ್ಳುತ್ತದೆ. ಪಟ್ಟಿ ಬೇಕಾಗುವುದಿಲ್ಲ, ಸಪ್ಪಳವೂ ಇನ್ನಷ್ಟು ಸ್ಪಷ್ಟ. ಅದನ್ನು ಬೇಸಿಗೆ ರಜೆಯಲ್ಲಿ ಮಾಡಬಹುದು, ಮುಂದಿನ ವರ್ಷ ಮಾಡಿದರೂ ನಡೆಯುತ್ತದೆ.

"ಮತ್ತ ಹೊರಗಿನ ಕಿವಿ?" ಎಂದಳು ಶೀತಲ್. "ಹೆಣ್ಣ ಹುಡುಗಿ. ಅತ್ತಿ ಆ ಗಂಟಿಗೇ ಚುಚ್ಚಿಸಿ ಬೆಂಡೋಲಿ ಹಾಕೂಣು ಅಂತಾರ."

"ಚುಚ್ಚಿಸಬ್ಯಾಡ್ರಿ. ಆ ಚರ್ಮ ಮುಂದ ಬೇಕು. ಒಂಬತ್ತೋ ಹತ್ತೋ ವರ್ಷಕ್ಕ, ಎದಿ ಬೆಳದ ಮ್ಯಾಲ, ಪಕ್ಕೆಲುಬಿನ ಮೆದು ಎಲುಬು ತಗದು ಕಿವಿ ಆಕಾರ ಮಾಡ್ತಾರ. ಈಗ ಅಷ್ಟ ಎಲುಬು ಸಿಗೂದಿಲ್ಲ. ಅದಕ್ಕ ನಾನು ಕಿವಿ ಮಾಡೂ ಪ್ಲಾಸ್ಟಿಕ್ ಸರ್ಜನ್ನರ ಜೋಡಿ ಕುಂತು, ಆ ಜಾಗ ಬಿಟ್ಟು ಹಿಂದಕ್ಕ ಸಾಧನ ಕೂರಸ್ತೇನಿ. ಮಾಡಸೂದೋ ಬಿಡೂದೋ, ಆವಾಗ ಸಿದ್ಧಿನ ಹೇಳಲಿ. ಅದು ಅಂದಕ್ಕ, ಕೇಳೂದಕ್ಕಲ್ಲ."

ಸಂಜೆ ಗೋಕಾಕದಲ್ಲಿ ಕಾರು ನಿಲ್ಲಿಸಿ ಗಿರಮಿಟ್ಟು ತಿಂದರು. ಶೀತಲ್ ಎರಡು ಪ್ಲೇಟು ತಿಂದಳು. ಸಿದ್ಧಿ ಉಳಿದ ದಾರಿಯೆಲ್ಲಾ ಬಾಯಿ ಮುಚ್ಚಲಿಲ್ಲ.

ಬನಹಟ್ಟಿಯಲ್ಲಿ ಕಾರಿನಿಂದ ಇಳಿಯುತ್ತಿದ್ದಂತೆ ಎದುರು ಮನೆಯ ಜಕ್ಕಪ್ಪ ಬಾಗಿಲಿಗೆ ಬಂದು ಕೇಳಿದ. "ಏನ್ ಸಾಹುಕಾರ್ರ, ತೆರದ ಬಿಡ್ತಾರಂತೇನು ಕಿವಿ?"

"ತೆರಿಯೂದ ಬ್ಯಾಡಂತಪಾ," ಎಂದರು ಪಾಯಪ್ಪನವರು. "ನಮ್ಮ ಸಿದ್ಧಿಗಿ ಕೇಳಸ್ತೈತಿ."

ಮೇ ತಿಂಗಳಲ್ಲಿ ಸಾಧನ ಕೂರಿಸಿದರು. ಗಾಯ ಮಾಗಲು ನಾಲ್ಕು ವಾರ ಬಿಟ್ಟು ಹೊರಗಿನ ಪೆಟ್ಟಿಗೆ ಹಾಕಲು ಮತ್ತೆ ಬೆಳಗಾವಿಗೆ ಕರೆದರು. ಜಮಖಂಡಿಯಿಂದ ನೇಹಾ ಕೂಡ ಬಂದಿದ್ದರು. ಪೆಟ್ಟಿಗೆ ಟಕ್ಕನೆ ಅಂಟಿಕೊಂಡಿತು. ಸಿದ್ಧಿ ತಲೆ ಅಲ್ಲಾಡಿಸಿ ನೋಡಿದಳು, ಬೀಳಲಿಲ್ಲ. ಬಾಗಿ ನೋಡಿದಳು, ಬೀಳಲಿಲ್ಲ. ಆಮೇಲೆ ಮೇಲೆ ನೋಡಿ, "ಆ ಫ್ಯಾನು ಕಿರ್ರ ಅಂತೈತಿ, ಎಣ್ಣಿ ಬಿಡ್ರಿ" ಎಂದಳು.

ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಪಾಯಪ್ಪನವರು ಕತ್ತೆತ್ತಿ ಫ್ಯಾನು ನೋಡಿದರು. ಎಪ್ಪತ್ತು ವರ್ಷದ ಅವರ ಕಿವಿಗೆ ಏನೂ ಕೇಳಿಸಲಿಲ್ಲ.