ಉತ್ತರದ ಚೌಕದಲ್ಲಿ ದೊಡ್ಡಮ್ಮ

ಪರೀಕ್ಷೆಯ ಹಿಂದಿನ ದಿನ ನರ್ಸಿಂಗ್ ಕಾಲೇಜಿನ ಪ್ರಯೋಗಶಾಲೆಯಲ್ಲಿ ಬೆಲ್ ಮೇಡಂಗೆ ಎದುರಾಡುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಆ ಹೆಸರಿಟ್ಟವರು ವಿದ್ಯಾರ್ಥಿನಿಯರು. ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯ ಗಂಟೆ ಆಕೆಯ ಕೈಯಲ್ಲಿತ್ತು. ಕೋಣೆಯ ಸುತ್ತ ಮೇಜು, ಮಂಚ ಹಾಕಿ ಒಂದೊಂದು ಸ್ಟೇಷನ್ನಿನಲ್ಲೂ ಒಂದು ಕೆಲಸ ಇಟ್ಟಿರುತ್ತಾರೆ. ಗಂಟೆ ಹೊಡೆದರೆ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಮುಂದಿನದಕ್ಕೆ ಓಡಬೇಕು. ಪಕ್ಕದಲ್ಲಿ ಪರೀಕ್ಷಕರು ತುಟಿ ಬಿಚ್ಚದೆ ಕೂತು ಚೆಕ್‌ಲಿಸ್ಟಿನಲ್ಲಿ ಗುರುತು ಹಾಕುತ್ತಾ ಹೋಗುತ್ತಾರೆ. ಮಾಡಿದಳೋ, ಮಾಡಲಿಲ್ಲವೋ, ಅಷ್ಟೆ. ಯಾರ ಮಗಳು, ಯಾರ ಶಿಫಾರಸು ಎಂಬುದಕ್ಕೆ ಆ ಹಾಳೆಯಲ್ಲಿ ಜಾಗವಿಲ್ಲ.

ಅದಕ್ಕೇ ಆಕೆಗೆ ಆ ಹಾಳೆಯ ಮೇಲೆ ಅಷ್ಟು ಪ್ರೀತಿ. ಆಕೆ ಓದುವಾಗ ಮುಖ ನೋಡಿ ಮಣೆ ಹಾಕುವ ಕಾಲವಿತ್ತು. ಕಪ್ಪು ಮುಖದ, ಹರಿದ ಚಪ್ಪಲಿಯ ಹುಡುಗಿ ಎಷ್ಟು ಸರಿ ಮಾಡಿದರೂ "ಪರವಾಗಿಲ್ಲ" ಎನಿಸಿಕೊಳ್ಳುತ್ತಿದ್ದಳು. ಆ ಅವಮಾನವನ್ನು ನುಂಗಿಕೊಂಡೇ ಬೋಧಕಿಯಾದವಳು ಒಂದೊಂದು ಸಾಲನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿ ಬರೆಯುತ್ತಿದ್ದಳು. ಬಿಪಿ ನೋಡಲು ತೋಳಿಗೆ ಸುತ್ತುವ ಕಫ್ ಮೊಣಕೈ ಗೆರೆಗಿಂತ ಎರಡು ಬೆರಳು ಮೇಲೆ. ಕೈ ಎದೆಯ ಮಟ್ಟದಲ್ಲಿ. ಮೊದಲು ನಾಡಿ ಹಿಡಿದು, ಕಫ್ ಊದಿಸಿದಾಗ ಅದು ಎಲ್ಲಿ ನಿಲ್ಲುತ್ತದೆಂದು ನೋಡಿಕೊಂಡು, ಆಮೇಲೆ ಸ್ಟೆತಾಸ್ಕೋಪ್. ನಾಡಿ ಎಣಿಸಿದ ಮೇಲೂ ಮಣಿಕಟ್ಟು ಬಿಡದೆ ಉಸಿರೆಣಿಸಬೇಕು, ಎಣಿಸುತ್ತಿರುವುದನ್ನು ಹೇಳಬಾರದು, ಹೇಳಿದರೆ ಯಾರ ಉಸಿರಾದರೂ ದಾರಿ ತಪ್ಪುತ್ತದೆ.

ಮೊದಲ ಸ್ಟೇಷನ್ ಇದೇ: ಜ್ವರ, ನಾಡಿ, ಉಸಿರು, ರಕ್ತದೊತ್ತಡ. ಇದಕ್ಕೆ ಗೊಂಬೆ ಸಾಲದು, ಜೀವ ಇರುವ ಮೈ ಬೇಕು. ಹಾಸ್ಟೆಲಿನ ಅಡುಗೆಯಾಕೆಯನ್ನು ಕರೆಸಿದ್ದರು. ಎಲ್ಲರಿಗೂ ದೊಡ್ಡಮ್ಮ. ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಬಂದಳು.

"ನಾಳೆ ಬೆಳಿಗ್ಗೆಯಿಂದ ಮಲಗೇ ಇರಬೇಕಾ ಮೇಡಮ್ಮೋರೇ? ನನ್ನ ಮದುವೆ ದಿನಾನೂ ಇಷ್ಟು ಹೊತ್ತು ಒಂದು ಕಡೆ ಕೂರಿಸಿರಲಿಲ್ಲ."

"ನಿದ್ದೆ ಮಾತ್ರ ಮಾಡೋ ಹಾಗಿಲ್ಲ," ಎಂದಳು ಜೊತೆಗಿದ್ದ ಕಿರಿಯ ಬೋಧಕಿ ನಗುತ್ತಾ.

"ಗೊರಕೆ ಹೊಡೆದ್ರೆ ಉಸಿರೆಣಿಸೋಕೆ ನಿಮಗೇ ಸುಲಭ ಅಲ್ವೇನೇ?"

ಉತ್ತರದ ಚೌಕದಲ್ಲಿ ಬರೆಯಲು ನಿಜವಾದ ಅಂಕಿ ಬೇಕಲ್ಲ, ಅದಕ್ಕೆ ಇಬ್ಬರು ಒಟ್ಟಿಗೆ ಕೇಳುವ ಜೋಡಿ ಸ್ಟೆತಾಸ್ಕೋಪ್ ಇತ್ತು. ದೊಡ್ಡಮ್ಮನನ್ನು ಸ್ವಲ್ಪ ಹೊತ್ತು ಸುಮ್ಮನೆ ಮಲಗಿಸಿ, ಕಫ್ ಸುತ್ತಿ, ಇಬ್ಬರೂ ಕಿವಿಗೆ ಹಾಕಿಕೊಂಡರು. ಪಾದರಸ ನಿಧಾನ ಇಳಿಯಿತು. ಸದ್ದು ಎಲ್ಲೋ ಮೇಲೇ, ಬಾಗಿಲು ಬಡಿದ ಹಾಗೆ ಶುರುವಾಯಿತು. ಇಬ್ಬರೂ ಬೇರೆಬೇರೆ ಚೀಟಿಯಲ್ಲಿ ಬರೆದು ತೋರಿಸಿಕೊಂಡರು. ಒಂದೇ ಅಂಕಿ: ನೂರ ಎಂಬತ್ತಾರು, ಕೆಳಗೆ ನೂರ ಹದಿನಾಲ್ಕು.

ಇನ್ನೊಂದು ಕೈ ನೋಡಿದರು. ಬಿಡುವು ಕೊಟ್ಟು ಮತ್ತೆ ನೋಡಿದರು. ಅದೇ.

ಆಗ ಬೆಲ್ ಮೇಡಂ ಮುಖದಲ್ಲಿ ಮೂಡಿದ್ದು ಗಾಬರಿಯಲ್ಲ. ಖುಷಿ. ಪ್ರತಿ ವರ್ಷ ಗಟ್ಟಿಮುಟ್ಟಾದವರನ್ನೇ ಮಲಗಿಸುತ್ತಿದ್ದರು. ಸದ್ದು ಕೇಳದ ಹುಡುಗಿಯರು ಕೇಳಿದವರ ಹಾಗೆ ತಲೆಯಾಡಿಸಿ ನೂರ ಇಪ್ಪತ್ತು ಎಂಬತ್ತು ಎಂದು ಗೀಚಿ ಪಾಸಾಗುತ್ತಿದ್ದರು. ಈ ಸಲ ಊಹೆಯ ಆಟ ನಡೆಯುವುದಿಲ್ಲ! ಆಕೆ ಚೌಕದಲ್ಲಿ ದುಂಡಗೆ ಬರೆದಳು: 186/114. ಪಕ್ಕದಲ್ಲಿ, ನಾಲ್ಕರವರೆಗೆ ಹೆಚ್ಚುಕಮ್ಮಿಯಾದರೂ ಸರಿ.

"ಎಷ್ಟಿದೆ ಮೇಡಮ್ಮೋರೇ?" ದೊಡ್ಡಮ್ಮ ತಲೆ ಎತ್ತಿ ಕೇಳಿದಳು. "ಬೆಳಿಗ್ಗೆ ಎದ್ರೆ ಹಿಂದಲೆ ಹಿಡ್ಕೊಂಡ ಹಾಗಿರತ್ತೆ. ಹೊಗೆಗೆ ಇರಬೇಕು ಅಂದ್ಕೊಂಡೆ."

"ಹೇಳೋ ಹಾಗಿಲ್ಲ ದೊಡ್ಡಮ್ಮ. ನಾಳೆಯ ಉತ್ತರ ಅದು. ಹುಡುಗಿಯರು ನಿಮ್ಮ ಬಾಯಿ ಬಿಡಿಸಿಬಿಡ್ತಾರೆ," ಎಂದು ಬೆಲ್ ಮೇಡಂ ನಕ್ಕಳು.

"ಅಯ್ಯೋ, ಹಾಗಾದ್ರೆ ಬೇಡ ಬಿಡಿ," ಎಂದು ಆಕೆ ದೊಡ್ಡ ಜವಾಬ್ದಾರಿ ಹೊತ್ತವಳಂತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಈರುಳ್ಳಿ ಹೆಚ್ಚಬೇಕೆಂದು ಇಳಿದು ಹೋದಳು.

ಕಿರಿಯಳು ಬಾಗಿಲ ಕಡೆಯೇ ನೋಡುತ್ತಿದ್ದಳು. "ಮೇಡಂ, ಡಾಕ್ಟರಿಗೆ ತೋರಿಸಬೇಕಲ್ವಾ?"

"ತೋರಿಸೋಣ ಕಣೇ. ನಾಳೆ ಮಧ್ಯಾಹ್ನ ಮುಗೀಲಿ. ಈಗ ಮಾತ್ರೆ ಕೊಟ್ರೆ ನಾಳೆ ಇಳಿದುಬಿಡತ್ತೆ, ಬರೆದ ಉತ್ತರ ಸುಳ್ಳಾಗತ್ತೆ. ಎಷ್ಟು ದಿನದಿಂದ ಇತ್ತೋ ಏನೋ, ಇನ್ನೊಂದು ದಿನಕ್ಕೆ ಏನಾಗತ್ತೆ?"

ಇನ್ನೊಂದು ದಿನಕ್ಕೆ ಏನಾಗುತ್ತದೆ! ಬಡವರ ಮೈಯ ವಿಷಯದಲ್ಲಿ ಓದಿದವರು ಯಾವಾಗಲೂ ಹೇಳುತ್ತಾ ಬಂದ ಮಾತು ಇದು. ಹೇಳಿದವಳು ಹರಿದ ಚಪ್ಪಲಿಯಲ್ಲಿ ಬಂದವಳೇ. ಆದರೆ ಆ ಹೊತ್ತಿಗೆ ಅದು ಆಕೆಗೆ ಹೊಳೆಯಲಿಲ್ಲ.

ಮಧ್ಯಾಹ್ನ ಎರಡನೆಯ ಸ್ಟೇಷನ್ ಜೋಡಿಸಿದರು: ಸೋಂಕು ತಗುಲದಂತೆ ಗಾಯಕ್ಕೆ ಡ್ರೆಸ್ಸಿಂಗ್. ರಬ್ಬರಿನ ಕಾಲು, ಅದರ ಮೇಲೆ ಕೆಂಪು ಗಾಯ. ಹಬೆಯಲ್ಲಿ ಶುದ್ಧಮಾಡಿದ ಪೊಟ್ಟಣ, ಹಬೆ ತಾಗಿತೆಂದು ತೋರಿಸುವ ಪಟ್ಟಿಯ ಬಣ್ಣ ತಿರುಗಿದೆಯೋ, ತಾರೀಕು ಮೀರಿಲ್ಲವೋ ಎಂದು ನೋಡುವುದಕ್ಕೆ ಒಂದು ಅಂಕ. ಪೊಟ್ಟಣದ ಬಟ್ಟೆಯ ಮೊದಲ ಮಡಿಕೆಯನ್ನು ತನ್ನಿಂದ ಆಚೆಗೆ ಬಿಚ್ಚಬೇಕು, ಕೊನೆಯದನ್ನು ತನ್ನ ಕಡೆಗೆ. ಇಲ್ಲದಿದ್ದರೆ ಶುದ್ಧವಾದದ್ದರ ಮೇಲೆ ಕೈ ಹಾಯುತ್ತದೆ. ಸಮಯ ಸಾಲುತ್ತದೋ ನೋಡಲು ಕಿರಿಯಳೇ ವಿದ್ಯಾರ್ಥಿನಿಯಾದಳು. ಬೆಲ್ ಮೇಡಂ ಹಾಳೆ ಹಿಡಿದು ಕೂತಳು.

ಎರಡನೆಯ ಗ್ಲೌಸ್ ಹಾಕಿಕೊಳ್ಳುವಾಗ ಕಿರಿಯಳು ತಟ್ಟನೆ ನಿಂತಳು. "ಮೇಡಂ, ಗ್ಲೌಸಿನ ಹೆಬ್ಬೆರಳು ಬರಿ ಮಣಿಕಟ್ಟಿಗೆ ತಾಗಿತು. ಬೇರೆ ಜೊತೆ ಕೊಡಿ."

"ನಾನು ನೋಡಲೇ ಇಲ್ಲವಲ್ಲೇ. ಗುರುತು ಹಾಕಿಬಿಟ್ಟೆ."

"ನೀವು ನೋಡಲಿಲ್ಲ ಅಂತ ಕೊಳೆ ಹೋಗಿಬಿಡತ್ತಾ? ಪಾಠ ಮಾಡಿದವರು ನೀವೇ."

ಬೆಲ್ ಮೇಡಂ ಮೆಚ್ಚಿದಳು. "ತಾನೇ ಕಂಡುಕೊಂಡು, ಬಾಯಿಬಿಟ್ಟು ಹೇಳಿ, ಬದಲಾಯಿಸಿದರೆ ಎರಡು ಅಂಕ," ಎಂದು ಹೊಸ ಸಾಲು ಸೇರಿಸಿದಳು. ಮೊದಲ ಸ್ಟೇಷನ್ನಿನ ಹಾಳೆಯಲ್ಲೂ ಇಂಥದ್ದೊಂದಿರಲಿ ಎಂದು ಅದನ್ನೂ ಎಳೆದುಕೊಂಡಳು.

ಕಿರಿಯಳು ಮೆಲ್ಲಗೆ ಕೇಳಿದಳು: "ಮೇಡಂ, ಆ ಹಾಳೆಯಲ್ಲಿ ಹೋದ ವರ್ಷ ಕೊನೆಗೊಂದು ಸಾಲಿತ್ತು. ಅಳೆದದ್ದನ್ನು ರೋಗಿಗೆ ಹೇಳುವುದು, ಹೆಚ್ಚುಕಮ್ಮಿ ಇದ್ದರೆ ಮೇಲಿನವರಿಗೆ ತಿಳಿಸುವುದು. ಅದೆಲ್ಲಿ?"

"ಐದು ನಿಮಿಷಕ್ಕೆ ಹಿಡಿಸ್ತಿರಲಿಲ್ಲ. ತೆಗೆದೆ."

"ಹಾಗಾದ್ರೆ ನಾಳೆ ನಲವತ್ತು ಹುಡುಗಿಯರೂ ದೊಡ್ಡಮ್ಮನ ಬಿಪಿ ಸರಿಯಾಗಿ ಬರೆದು, ಮಾರ್ಕ್ಸ್ ತಗೊಂಡು, ಥ್ಯಾಂಕ್ಸ್ ಹೇಳಿ, ಮುಂದಿನ ಮೇಜಿಗೆ ಹೋಗ್ತಾರೆ."

ಕಿರಿಯಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಬೈದು ಬಾಯಿ ಮುಚ್ಚಿಸಬಹುದಿತ್ತು. ಬೆಲ್ ಮೇಡಂ ಹಾಳೆಯತ್ತ ನೋಡಿದಳು. ಚೌಕದೊಳಗೆ ಆ ಅಂಕಿ ತನ್ನದೇ ದುಂಡು ಕೈಬರಹದಲ್ಲಿ ಕೂತಿತ್ತು. ಎಲ್ಲ ಬಲ್ಲವಳು ಆಕೆ. ಅಂಥ ಒತ್ತಡದಲ್ಲಿ ಮೆದುಳಿನ ಒಂದು ಸಣ್ಣ ನಾಳ ಯಾವ ಗಂಟೆಗೂ ಕಾಯುವುದಿಲ್ಲವೆಂದು ವರ್ಷವರ್ಷವೂ ಪಾಠ ಹೇಳಿದವಳು. ಹಿಂದಲೆ ನೋವೆಂದು ಆ ಹೆಂಗಸು ಬಾಯಿಬಿಟ್ಟು ಹೇಳಿದಾಗ ತಾನು ಮಾಡಿದ್ದೇನು? ತಮಾಷೆ. ಎದ್ದು ಹಾಸ್ಟೆಲಿನ ಕಡೆ ಹೊರಟಳು.

ದೊಡ್ಡಮ್ಮ ಒಲೆಯ ಮುಂದೆ, ಹಂಡೆಯೊಳಗೆ ಅರ್ಧ ಮೈ ಬಗ್ಗಿಸಿ ಸೌಟಾಡಿಸುತ್ತಿದ್ದಳು. ಮುಖವೆಲ್ಲ ಬೆವರು.

"ದೊಡ್ಡಮ್ಮ, ಒಲೆ ಆರಿಸಿ. ಆಸ್ಪತ್ರೆಗೆ ಹೋಗೋಣ ಬನ್ನಿ. ನಿಮ್ಮ ಬಿಪಿ ಜಾಸ್ತಿ ಇದೆ."

ಅಷ್ಟೇ ಹೇಳಿದಳು. ಯಾವಾಗ ಗೊತ್ತಾಯಿತೆಂಬುದನ್ನು ನಾಲಿಗೆ ನುಂಗಿಕೊಂಡಿತು.

ದೊಡ್ಡಮ್ಮನ ಮುಖ ಸಣ್ಣಗಾಯಿತು. "ಹಾಗಾದ್ರೆ ನಾಳೆ ನಾನು ಬೇಡ್ವಾ? ನನ್ನಿಂದ ನಿಮ್ಮ ಪರೀಕ್ಷೆ ಕೆಟ್ಟುಹೋಯ್ತಾ? ತಪ್ಪಾಯ್ತು ಮೇಡಮ್ಮೋರೇ, ನನಗೆ ಗೊತ್ತಿರಲಿಲ್ಲ."

ಕ್ಷಮೆ ಕೇಳುತ್ತಿದ್ದವಳು ಅವಳು! ಬೆಲ್ ಮೇಡಂಗೆ ತಲೆ ಎತ್ತಲಾಗಲಿಲ್ಲ. ಕಿರಿಯಳು ಹಿಂದೆಯೇ ಬಂದಿದ್ದವಳು ಸೌಟು ಇಸಿದುಕೊಂಡಳು.

ಕಾಲೇಜಿಗೆ ಅಂಟಿಕೊಂಡೇ ಆಸ್ಪತ್ರೆ. ಡ್ಯೂಟಿ ಡಾಕ್ಟರು ತಾವೇ ಅಳೆದರು. ಇನ್ನೂ ಏರಿತ್ತು. ಕಣ್ಣಿಗೆ ದೀಪ ಬಿಟ್ಟು ನೋಡಿದರು, ಕೈಕಾಲು ಎತ್ತಿಸಿದರು, ಎದೆಯ ಇಸಿಜಿಗೆ ಬರೆದರು.

"ಒಲೆ ಮುಂದೆ ಎಲ್ಲಾದರೂ ಬಿದ್ದಿದ್ದರೆ ಕಷ್ಟವಾಗುತ್ತಿತ್ತು," ಎಂದರು.

"ಮೇಡಮ್ಮೋರೇ ಓಡಿ ಬಂದು ಕರ್ಕೊಂಡು ಬಂದ್ರು ಡಾಕ್ಟ್ರೇ," ಎಂದಳು ದೊಡ್ಡಮ್ಮ ಅಭಿಮಾನದಿಂದ. "ನನ್ನಂಥವಳಿಗೆ ಯಾರು ಓಡಿ ಬರ್ತಾರೆ ಹೇಳಿ? ನನ್ನ ತಂಗಿ ಇದ್ದ ಹಾಗೆ."

"ಒಳ್ಳೆ ಕೆಲಸ ಮಾಡಿದಿರಿ ಸಿಸ್ಟರ್. ಕಂಡ ತಕ್ಷಣ ಕರೆತಂದಿರಿ," ಎಂದು ಡಾಕ್ಟರು ಕೇಸ್ ಶೀಟಿನಲ್ಲಿ ಬರೆಯತೊಡಗಿದರು. "ಮೊದಲು ನೋಡಿದ್ದು ಯಾವಾಗ? ಈಗಷ್ಟೇ ಅಲ್ವಾ?"

ಹೂಂ ಎಂದರೆ ಮುಗಿಯುತ್ತಿತ್ತು. ಪೆನ್ನು ಹೂಂ ಎಂಬುದಕ್ಕೇ ಕಾದಿತ್ತು. ದೊಡ್ಡಮ್ಮನ ಒರಟು ಕೈ ಪ್ರೀತಿಯಿಂದ ತನ್ನ ಕೈಯ ಮೇಲಿತ್ತು. ಆ ಕೈಯೇ ತಡೆಯಲಾಗದಷ್ಟು ಭಾರವೆನಿಸಿತು.

"ಅಲ್ಲ ಡಾಕ್ಟ್ರೇ. ಬೆಳಿಗ್ಗೆ. ಮೂರು ಸಲ ನೋಡಿದೆ. ಅವರು ಕೇಳಿದರು. ನಾನು ಹೇಳಲಿಲ್ಲ."

"ಯಾಕೆ?"

"ನಾಳೆ ಪರೀಕ್ಷೆಗೆ ಬೇಕಾಗಿತ್ತು."

ಪೆನ್ನು ನಿಂತಿತು. ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು. ಆಕೆ ಹೇಳಿದ್ದನ್ನು ಹಾಗೆಯೇ ಬರೆದುಕೊಂಡರು.

ದೊಡ್ಡಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಒಮ್ಮೆ ಡಾಕ್ಟರ ಮುಖ, ಒಮ್ಮೆ ಬೆಲ್ ಮೇಡಂ ಮುಖ ನೋಡಿದಳು. ಮೇಲಿಟ್ಟಿದ್ದ ಕೈಯನ್ನು ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು.

"ಬೆಳಿಗ್ಗೆಯಿಂದ ಎರಡು ಹಂಡೆ ಇಳಿಸಿದೀನಿ," ಎಂದಳು, ಯಾರಿಗೂ ಅಲ್ಲದ ಹಾಗೆ.

ಇಸಿಜಿ ತೆಗೆಯಲು ಒಳಗಿನ ಕೋಣೆಗೆ ಹೋಗಬೇಕಿತ್ತು. ಬೆಲ್ ಮೇಡಂ ಎಬ್ಬಿಸಲು ತೋಳು ಚಾಚಿದಳು. ದೊಡ್ಡಮ್ಮ ಆ ತೋಳನ್ನು ನೋಡಿ, ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದ ಅಪರಿಚಿತ ನರ್ಸಿನ ಕಡೆ ತಿರುಗಿದಳು.

"ನೀನು ಹಿಡ್ಕೊಳ್ಳೇ ಮಗಳೇ."

ಆ ಹುಡುಗಿ ಟ್ರೇ ಇಟ್ಟು ಹಿಡಿದುಕೊಂಡಳು. ಪರದೆಯಾಚೆಗೆ ಅವಳು ಏನೋ ಹೇಳಿದ್ದು, ದೊಡ್ಡಮ್ಮ ಕೇಳಿದ್ದು ಕೇಳಿಸಿತು.

"ಎಷ್ಟಿದೆಯಮ್ಮ ನಂದು?"

ಹುಡುಗಿ ಹೇಳಿದಳು. ಅಂಕಿ ಹೇಳಿದಳು, ಅದರ ಅರ್ಥ ಹೇಳಿದಳು, ಉಪ್ಪು ಬಿಡಬೇಕೆಂದಳು, ಮಾತ್ರೆ ಒಂದು ದಿನವೂ ತಪ್ಪಿಸಬಾರದೆಂದಳು. ಐದು ನಿಮಿಷವೂ ಹಿಡಿಯಲಿಲ್ಲ. ಬೆಲ್ ಮೇಡಂ ಪರದೆಯ ಈಚೆ ನಿಂತು ಅದನ್ನೆಲ್ಲ ಕೇಳಿಸಿಕೊಂಡಳು. ಒಳಗೆ ಹೋಗುವ ಮುಖ ಆಕೆಗಿರಲಿಲ್ಲ.