ಮೂವತ್ತರ ಗೆರೆ

ಗಂಗಾಳಿಗೆ ಹೆರಿಗೆ ಸಲೀಸಾಗಿಯೇ ಆಗಿತ್ತು. ಮಗು ಅತ್ತಿತು, ಎಲ್ಲರೂ ನಕ್ಕರು, ಆಮೇಲೆ ರಕ್ತ ನಿಲ್ಲಲಿಲ್ಲ. ಮುಳ್ಳಗೇರಿ ಉಪಕೇಂದ್ರದ ನರ್ಸ್ ಮಲ್ಲೇಶ್ವರಿ ಕೂಡಲೇ ಆಂಬ್ಯುಲೆನ್ಸಿಗೆ ಫೋನ್ ಮಾಡಿ, ಕೈಲಾದದ್ದೆಲ್ಲ ಮಾಡುತ್ತ ಕಾದಳು. ಗಾಡಿ ಬಂದಾಗ ಗಂಗಾಳಿಗೆ ಮಾತು ನಿಂತಿತ್ತು. ಕೊಪ್ಪಳದ ದಾರಿಯಲ್ಲಿ ಯಲಬುರ್ಗಾ ದಾಟುವುದರೊಳಗೆ ಸತ್ತಳು.

ಮುಳ್ಳಗೇರಿಯಲ್ಲೇ ಒಂದು ಆಂಬ್ಯುಲೆನ್ಸ್ ನಿಲ್ಲಿಸಿ ಎಂದು ಮಲ್ಲೇಶ್ವರಿ ಅದಕ್ಕೂ ಮೊದಲು ಕೊಪ್ಪಳದ ಜಿಲ್ಲಾ ಆರೋಗ್ಯ ಕಚೇರಿಯ ಸಭೆಯಲ್ಲಿ ಕೇಳಿದ್ದಳು. ಆಗ ಪರದೆಯ ಮೇಲೆ ಒಂದು ಚಾರ್ಟ್ ಇತ್ತು. ಹತ್ತು ಊರಿಗೆ ಹತ್ತು ಕಂಬ. ಫೋನ್ ಮಾಡಿದ ಮೇಲೆ ಗಾಡಿ ಬರಲು ಸರಾಸರಿ ಎಷ್ಟು ನಿಮಿಷ ಎಂಬುದು ಕಂಬದ ಎತ್ತರ. ಮೂವತ್ತು ದಾಟಬಾರದು ಎಂಬುದು ಕಚೇರಿಯ ಗುರಿ. ಮುಖ್ಯ ಅಧಿಕಾರಿ ಕಣ್ಣಾಡಿಸಿ, “ಮುಳ್ಳಗೇರಿ ಮೂವತ್ತರ ಗೆರೆಯ ಕೆಳಗೇ ಇದೆಯಲ್ಲ” ಎಂದು ಮುಂದಿನ ವಿಷಯಕ್ಕೆ ಹೋಗಿದ್ದರು. ಹೊಸದಾಗಿ ಬಂದಿದ್ದ ಗಾಡಿ ಕೊಪ್ಪಳದಲ್ಲೇ ಉಳಿಯಿತು.

ಈಗ ಗಂಗಾಳ ಸಾವಿನ ಬಗ್ಗೆ ಮತ್ತೆ ಸಭೆ. ಅದೇ ಚಾರ್ಟನ್ನು ಇನ್ನೊಮ್ಮೆ ತೋರಿಸಬೇಕೆಂದು ಮೇಲಿನಿಂದ ಹೇಳಿಕಳಿಸಿದ್ದರು. ಹಾಗಾಗಿ ದ್ರಾಕ್ಷಾಯಿಣಿ ಹಳೆಯ ಫೈಲನ್ನು ತೆರೆದಳು. ಗುತ್ತಿಗೆಯ ಮೇಲಿದ್ದ ಡಾಟಾ ಆಪರೇಟರ್ ಅವಳು; ಚಾರ್ಟ್ ಮಾಡಿದವಳೂ ಅವಳೇ. ನಮೂನೆ ಮಾತ್ರ ಮೇಲ್ವಿಚಾರಕ ಅಂದಪ್ಪನದು. ಸಭಾಂಗಣದ ಪ್ರೊಜೆಕ್ಟರ್ ಹಳೆಯದು, ಬೆಳಕು ಮಂಕು. ಗೆರೆ ದಪ್ಪ ಇರಬೇಕು, ಪ್ರತಿ ಕಂಬಕ್ಕೂ ಕಪ್ಪು ಅಂಚು ಇರಬೇಕು, ಇಲ್ಲದಿದ್ದರೆ ಕಾಣುವುದಿಲ್ಲ ಎಂದು ಅವನು ಎಂದೋ ಗೊತ್ತುಮಾಡಿದ್ದ. ಕಂಬಗಳು ಪೆಟ್ಟಿಗೆಯ ಹಾಗೆ ಉಬ್ಬಿ ನಿಲ್ಲಬೇಕು, ಏಕೆಂದರೆ ಸಭೆಯ ಫೋಟೋ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಅಂಕಿ ಬರೆದರೆ ಗೆರೆಗಳ ನಡುವೆ ಗಲೀಜಾಗುತ್ತದೆಂದು ಅಂಕಿಯನ್ನೇ ತೆಗೆಸಿದ್ದ.

ದ್ರಾಕ್ಷಾಯಿಣಿ ಅಂಕಿಗಳ ಪಟ್ಟಿಯಲ್ಲಿ ಮುಳ್ಳಗೇರಿಯ ಸಾಲನ್ನು ನೋಡಿದಳು. ಮೂವತ್ತಾರು. ಚಾರ್ಟ್ ನೋಡಿದಳು. ಕಂಬದ ತಲೆ ಮೂವತ್ತರ ಗೆರೆಯ ಕೆಳಗಿತ್ತು. ಸಾಲು ತಪ್ಪಿತೇನೋ ಎಂದು ಮತ್ತೆ ನೋಡಿದಳು. ತಪ್ಪಿರಲಿಲ್ಲ.

ಪರದೆಗೆ ಕಾಗದದ ಅಂಚು ಒತ್ತಿ ಹಿಡಿದಾಗ ಗೊತ್ತಾಯಿತು. ಗೆರೆಗಳು ಚಿತ್ರದೊಳಗಿನ ಹಿಂದಿನ ಗೋಡೆಯ ಮೇಲಿದ್ದವು. ಕಂಬ ಆ ಗೋಡೆಯನ್ನು ಬಿಟ್ಟು ಮುಂದೆ ನಿಂತಿತ್ತು. ಮೇಲಿನಿಂದ ಓರೆಯಾಗಿ ನೋಡುವ ಚಿತ್ರದಲ್ಲಿ ಮುಂದಿನದು ಕೆಳಗೆ ಇಳಿದಂತೆ ಕಾಣುತ್ತದೆ. ಕಂಬಕ್ಕೂ ಗೋಡೆಗೂ ನಡುವಿನ ಅಂತರವನ್ನು ಸೊನ್ನೆ ಮಾಡಿದಳು. ಕಂಬದ ತಲೆ ಗೆರೆಯತ್ತ ಏರಿತು. ಉಬ್ಬನ್ನು ಪೂರ್ತಿ ತೆಗೆದು ಚಪ್ಪಟೆ ಮಾಡಿದಳು. ಗೆರೆ ದಾಟಿತು.

ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಒಂದೊಂದೇ ಕಿತ್ತಳು. ಕಪ್ಪು ಅಂಚು ಹೋಯಿತು. ಹಿನ್ನೆಲೆಯ ನೀಲಿ ಬಣ್ಣ, ಹತ್ತು ಕಂಬದ ಹತ್ತು ಬಣ್ಣ, ಆ ಬಣ್ಣಗಳ ಅರ್ಥ ಹೇಳುವ ಪೆಟ್ಟಿಗೆ ಹೋದವು. ದಪ್ಪ ಗೆರೆಗಳಲ್ಲಿ ಮೂವತ್ತರದೊಂದನ್ನು ತೆಳ್ಳಗೆ ಉಳಿಸಿದಳು. ಓರೆಯಾಗಿ ತುರುಕಿದ್ದ ಊರ ಹೆಸರುಗಳು ನೆಟ್ಟಗಾಗಲೆಂದು ಕಂಬಗಳನ್ನು ಅಡ್ಡ ಮಲಗಿಸಿದಳು. ದೊಡ್ಡದು ಮೇಲೆ, ಚಿಕ್ಕದು ಕೆಳಗೆ. ತುದಿಗೆ ಅಂಕಿ. ಒಂಬತ್ತು ಊರು ಬೂದು ಬಣ್ಣ, ಗೆರೆ ದಾಟಿದ ಒಂದೇ ಊರು ಕಡುಗೆಂಪು.

ಅಂದಪ್ಪ ಹಿಂದೆ ಬಂದು ನಿಂತದ್ದು ಅವಳಿಗೆ ತಿಳಿಯಲಿಲ್ಲ.

“ಏನಬೇ ಇದು, ಬೋಳ ಬೋಳ? ಗೆರಿ ಎಲ್ಲಿ ಹೋದ್ವು?”

“ಗೆರಿ ಜಾಸ್ತಿ ಆಗಿದ್ಕ ಯಾರಿಗೂ ಏನೂ ಕಾಣ್ಸಿಲ್ರಿ ಸರ್. ಮುಳ್ಳಗೇರಿ ನೋಡ್ರಿ.”

ಅಂದಪ್ಪ ನೋಡಿದ. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ ಮತ್ತೆ ನೋಡಿದ.

“ಅಂಕಿ ತಿದ್ದೀಯೇನು?”

“ಇಲ್ರಿ. ಹೋದ ಸಲದ್ದ ಐತಿ. ಪಟ್ಟಿ ಫೈಲಿನ ಕೊನಿ ಹಾಳ್ಯಾಗ ಹಚ್ಚಿದ್ವಿ. ಯಾರೂ ತಿರುವಿ ನೋಡಿಲ್ಲ.”

ಚಹಾ ತಂದ ಜವಾನ ಹೈದರಸಾಬ ಲೋಟ ಇಡುತ್ತ ಬಗ್ಗಿ ನೋಡಿದ. “ಇದು ಛಲೋ ಐತಿ ನೋಡ್ರಿ ಸಾಹೇಬ್ರ. ಹೋದ ಸಲದ್ದು ಮದವಿ ಮಂಟಪ ಆಗಿತ್ತು, ಮದುಮಗ ಯಾರಂತ ಹುಡುಕಬೇಕಾಗಿತ್ತು.”

“ನೀ ನಡಿಯಪಾ,” ಎಂದ ಅಂದಪ್ಪ. ಜವಾನ ಹೋದ ಮೇಲೆ ದನಿ ತಗ್ಗಿಸಿದ. “ಹಳೇದನ್ನ ಹಾಕ. ಅವೇ ಅಂಕಿ, ಬ್ಯಾರೆ ಚಿತ್ರ ಅಂದ್ರ ಏನಂತಾರ? ಆವಾಗ ಮುಚ್ಚಿಟ್ಟಿದ್ರಿ ಅಂತಾರ. ನಾ ಏನ್ ಮುಚ್ಚಿಟ್ಟೇನೇನು? ಚಂದ ಕಾಣಲಿ ಅಂತ ಮಾಡ್ಸಿದ್ದು.”

“ನಾನೂ ಚಂದ ಕಾಣಲಿ ಅಂತನ ಮಾಡಿದ್ದು, ಸರ್. ಹಳೇದನ್ನ ಹಾಕಿದ್ರ ಈ ಸಲಾನೂ ಗಾಡಿ ಕೊಡಂಗಿಲ್ಲ. ಗಾಡಿ ಲಗೂನ ಬರ್ತೈತಿ, ಸಿಸ್ಟರ್ ತಡಾ ಮಾಡ್ಯಾಳ ಅಂತ ಆಕಿ ಮ್ಯಾಲ ಹಾಕ್ತಾರ.”

“ನಿನ್ನ ಗುತ್ತಿಗಿ ಮುಂದಿನ ತಿಂಗಳ ಮುಗಿತೈತಿ,” ಎಂದ ಅಂದಪ್ಪ. ಬೆದರಿಕೆಯ ಧಾಟಿಯಲ್ಲಿ ಅಲ್ಲ, ನೆನಪಿಸುವ ಧಾಟಿಯಲ್ಲಿ. ಚಹಾ ಕುಡಿಯದೆ ಹೋದ.

ಸಭೆಯ ದಿನ ದ್ರಾಕ್ಷಾಯಿಣಿ ಎರಡನ್ನೂ ಪೆನ್‌ಡ್ರೈವಿನಲ್ಲಿ ಒಯ್ದಳು. ಮಲ್ಲೇಶ್ವರಿ ಕೊನೆಯ ಸಾಲಿನಲ್ಲಿ ಕೈ ಕಟ್ಟಿ ಕೂತಿದ್ದಳು. ಮುಖ್ಯ ಅಧಿಕಾರಿ, “ಆ ಚಾರ್ಟ್ ಹಾಕಿ” ಎಂದರು. ದ್ರಾಕ್ಷಾಯಿಣಿ ಅಂದಪ್ಪನ ಕಡೆ ನೋಡಲಿಲ್ಲ. ಬೋಳು ಚಾರ್ಟನ್ನು ಹಾಕಿದಳು.

ಮಂಕು ಪ್ರೊಜೆಕ್ಟರಿನಲ್ಲೂ ಅದು ಸ್ಪಷ್ಟವಾಗಿ ಬಿತ್ತು. ಬಿಳಿ ಪರದೆ, ಒಂದು ಕೆಂಪು ಪಟ್ಟಿ, ಮುಳ್ಳಗೇರಿ, 36. ಯಾರೂ ವಿವರಿಸಬೇಕಾಗಲಿಲ್ಲ.

“ಇದು ಹೊಸ ಅಂಕಿಯಾ?” ಎಂದು ಅಧಿಕಾರಿ ಕೇಳಿದರು.

“ಇಲ್ಲ ಮೇಡಂ. ಹೋದ ಸಭೆಯದೇ.”

“ಹಾಗಾದರೆ ಹೋದ ಸಲ ನಾನು ನೋಡಿದ್ದೇನು?”

ದ್ರಾಕ್ಷಾಯಿಣಿ ಹಳೆಯದನ್ನೂ ಹಾಕಿದಳು. ನೀಲಿ ಹಿನ್ನೆಲೆ, ಉಬ್ಬಿದ ಕಂಬಗಳು, ದಪ್ಪ ಗೆರೆಗಳು. ಎಲ್ಲರೂ ಮುಳ್ಳಗೇರಿಯ ಕಂಬ ಎಲ್ಲಿದೆಯೆಂದು ಹುಡುಕಿದರು. ಸಿಕ್ಕಾಗ ಅದು ಗೆರೆಯ ಕೆಳಗಿತ್ತು; ಉಬ್ಬು ಕೊಟ್ಟಿದ್ದರಿಂದ ಹಾಗೆ ಕಾಣುತ್ತದೆ ಎಂದು ದ್ರಾಕ್ಷಾಯಿಣಿ ಹೇಳಿದಳು. ಅಂದಪ್ಪ ಎದ್ದು ನಿಂತ. ಮತ್ತೆ ಕೂತ.

ಅಧಿಕಾರಿ ಪರದೆಯ ಕಡೆ ಕೈ ತೋರಿಸಿದರು. “ನಾನೇ ಗೆರೆಯ ಕೆಳಗಿದೆ ಅಂದದ್ದು,” ಎಂದರು. ಸೋಮವಾರದಿಂದ ಕೊಪ್ಪಳದ ಗಾಡಿ ಮುಳ್ಳಗೇರಿಯಲ್ಲಿ ನಿಲ್ಲಲಿ ಎಂದು ಬರೆಸಿದರು. ಕಾಗದ ತಿರುವಿದಷ್ಟು ಸುಲಭವಾಗಿ ಅದು ಆಗಿಹೋಯಿತು.

ಹೊರಗೆ ಕಟ್ಟೆಯ ಮೇಲೆ ಮಲ್ಲೇಶ್ವರಿ ಬಸ್ಸಿಗೆ ಕಾಯುತ್ತಿದ್ದಳು. ದ್ರಾಕ್ಷಾಯಿಣಿ ಓಡಿ ಬಂದಳು.

“ಅಕ್ಕಾರ, ಗಾಡಿ ಸಿಕ್ತಲ್ರಿ.”

“ಹ್ಞೂಂ, ಸಿಕ್ತು.” ಮಲ್ಲೇಶ್ವರಿ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡಳು. “ಆ ಚಾರ್ಟ್ ಹಿಂಗ ಮಾಡಾಕ ನಿನಗ ಎಷ್ಟೊತ್ತು ಹಿಡೀತು, ತಂಗಿ?”

ದ್ರಾಕ್ಷಾಯಿಣಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ಚಹಾ ಆರುವಷ್ಟು ಹೊತ್ತೂ ಹಿಡಿದಿರಲಿಲ್ಲ.

“ಗಂಗಾನ ಮನಿಗೆ ನಿಮ್ಮ ಜೋಡಿ ನಾನೂ ಬರ್ತೀನ್ರಿ. ನಾ ಮಾಡಿದ್ದನ್ನ ನಾನ ಹೇಳ್ತೀನಿ.”

“ಬರಬ್ಯಾಡ.” ಮಲ್ಲೇಶ್ವರಿಯ ದನಿಯಲ್ಲಿ ಸಿಟ್ಟಿರಲಿಲ್ಲ. “ಆಕಿ ಅತ್ತಿ ಹುಲಗಮ್ಮ ಕೂಸಿಗೆ ಬಾಟ್ಲಿ ಹಾಲು ಕುಡಸ್ಕೋಂತ ಕುಂತಾಳ. ದೇವ್ರು ಒಯ್ದ ಅಂತ ಆಕಿ ತಿಳಕೊಂಡಾಳ. ದೇವ್ರಲ್ಲಬೇ, ಚಾರ್ಟಿನ ಕಂಬದ ಉಬ್ಬು ಒಯ್ತು ಅಂತ ಹೆಂಗ ಹೇಳ್ತಿ? ಹೇಳಿದ್ರ ನಿನಗ ಹಗುರ ಆದೀತು. ಆಕಿಗೆ ಏನ್ ಆಗ್ತೈತಿ?”

ಬಸ್ಸು ಬಂತು. ಮಲ್ಲೇಶ್ವರಿ ಹತ್ತಿ, ಆಚೆ ಬದಿಯ ಕಿಟಕಿಯ ಹತ್ತಿರ ಕೂತಳು.

ದ್ರಾಕ್ಷಾಯಿಣಿ ಕಚೇರಿಗೆ ಮರಳಿದಳು. ಅಂದಪ್ಪ ತನ್ನ ಮೇಜಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಅದೇ ನಮೂನೆಯಲ್ಲಿ ಅವಳು ಮಾಡಿದ್ದ ಬೇರೆ ಚಾರ್ಟುಗಳು ಫೋಲ್ಡರಿನಲ್ಲಿದ್ದವು. ತೂಕ ಕಡಿಮೆಯ ಕೂಸುಗಳದನ್ನು ತೆರೆದಳು. ಅದರಲ್ಲಿ ಎರಡು ಸಾಲು ಕಂಬ, ಒಂದರ ಹಿಂದೆ ಒಂದು: ಮುಂದೆ ಹುಟ್ಟಿದ ಎಲ್ಲ ಕೂಸುಗಳು, ಹಿಂದೆ ತೂಕ ಕಡಿಮೆಯವು. ಉಬ್ಬು ತೆಗೆದಳು. ಮುಂದಿನ ಎತ್ತರದ ಕಂಬಗಳ ಮರೆಯಲ್ಲಿದ್ದ ಹಿಂದಿನ ಸಾಲು ಪಕ್ಕಕ್ಕೆ ಬಂದು ನಿಂತಿತು. ಆ ಸಾಲಿನಲ್ಲಿ ಒಂದು ಊರಿನದು ಉಳಿದ ಊರುಗಳದಕ್ಕಿಂತ ಎತ್ತರವಾಗಿತ್ತು. ಅವಳು ಆ ಊರಿನ ಹೆಸರನ್ನು ಓದಿದಳು; ಯಾವ ಸಭೆಯಲ್ಲೂ ಅದರ ಮಾತು ಬಂದಿರಲಿಲ್ಲ.

“ಸರ್,” ಎಂದು ಕರೆದಳು, “ಇಲ್ಲೊಂಚೂರು ಬರ್ರಿ.”

ಅಂದಪ್ಪ ಏಳಲು ಬಹಳ ಹೊತ್ತು ತೆಗೆದುಕೊಂಡ.